ಹನ್ನೆರಡೂವರೆ ಪಟ್ಟು ಎಂದರೆ ವರ್ಷಕ್ಕೆ ಎಷ್ಟು? ಸೈಟು ಮತ್ತು ಚಿನ್ನದ ಸಿಎಜಿಆರ್ ಲೆಕ್ಕ

ಭಾವ ತುಮಕೂರಿನ ಹೊರವಲಯದಲ್ಲಿದ್ದ 30×40 ಸೈಟನ್ನು 2024ರ ಡಿಸೆಂಬರಿನಲ್ಲಿ ಮಾರಿದರು. ರಿಜಿಸ್ಟ್ರೇಷನ್ ಮುಗಿಸಿ ಬಂದ ಸಂಜೆ ಅಕ್ಕನ ಮನೆಯ ಹಜಾರದಲ್ಲಿ ಎಲ್ಲರೂ ಕೂತಿದ್ದೆವು. "ಚದರಡಿಗೆ ಇನ್ನೂರ ನಲವತ್ತರಂತೆ ತಗೊಂಡಿದ್ದು, ಮೂರು ಸಾವಿರದಂತೆ ಹೋಯ್ತು. ಹನ್ನೆರಡೂವರೆ ಪಟ್ಟು ನೋಡಪ್ಪಾ!" ಎಂದರು ಭಾವ. ಅಕ್ಕ ಕಾಫಿ ಲೋಟ ಇಡುತ್ತಾ ಕೇಳಿದಳು: "ಆ ದುಡ್ಡಲ್ಲಿ ಆಗ ಚಿನ್ನ ತಗೊಂಡಿದ್ರೆ?"

ಇಂಥ ಪ್ರಶ್ನೆಗೆ ಮನೆಗಳಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಬಾಯಿಮಾತಿನದು. ಒಬ್ಬರು ಪಟ್ಟು ಹೇಳುತ್ತಾರೆ, ಇನ್ನೊಬ್ಬರು ಲಾಭದ ಮೊತ್ತ ಹೇಳುತ್ತಾರೆ, ಮತ್ತೊಬ್ಬರು "ಚಿನ್ನ ಯಾವತ್ತೂ ಚಿನ್ನವೇ" ಎಂದು ಮಾತು ಮುಗಿಸುತ್ತಾರೆ. ಎರಡನ್ನೂ ಒಂದೇ ತಕ್ಕಡಿಗೆ ತರಬೇಕಾದರೆ ವರ್ಷಕ್ಕೆ ಶೇಕಡಾ ಎಷ್ಟು ಎಂದು ತಿಳಿಯಬೇಕು. ಆ ದರದ ಹೆಸರೇ ಸಂಯುಕ್ತ ವಾರ್ಷಿಕ ಬೆಳವಣಿಗೆ ದರ, ಚಿಕ್ಕದಾಗಿ ಸಿಎಜಿಆರ್. ಅಕ್ಕನ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುವಷ್ಟರಲ್ಲಿ ಈ ಲೆಕ್ಕ ಎಲ್ಲೆಲ್ಲಿ ಎಡವುತ್ತದೆ ಎನ್ನುವುದೂ ಕಾಣುತ್ತದೆ, ಹಾಗಾಗಿ ಅದೇ ದಾರಿಯಲ್ಲಿ ಹೋಗೋಣ.

## ಮೊದಲು, ಹೀಗೆ ಮಾಡಬೇಡಿ

1,200 ಚದರಡಿಗೆ 240 ರೂಪಾಯಿಯಂತೆ 2,88,000 ರೂಪಾಯಿ. ಮಾರಿದ್ದು 36,00,000ಕ್ಕೆ. ಲಾಭ 33,12,000, ಅಂದರೆ ಹಾಕಿದ್ದರ ಮೇಲೆ ಶೇ 1,150. ಇಟ್ಟುಕೊಂಡಿದ್ದು ಹದಿನೆಂಟೂವರೆ ವರ್ಷ. ಭಾಗಿಸಿದರೆ "ವರ್ಷಕ್ಕೆ ಶೇ 62" ಎಂದು ಬರುತ್ತದೆ. ಸೈಟು ಮಾರುವವರ ಬಾಯಲ್ಲಿ ಕೇಳುವ ದೊಡ್ಡ ದೊಡ್ಡ ಶೇಕಡಾಗಳು ಹುಟ್ಟುವುದು ಹೀಗೆ.

ಇದು ತಪ್ಪು ಎಂದು ತೋರಿಸುವುದು ಸುಲಭ. ನಿಜವಾಗಿ ವರ್ಷಕ್ಕೆ ಶೇ 62ರಂತೆ ಬೆಲೆ ಏರಿದ್ದರೆ, ಮೊದಲ ವರ್ಷದ ಏರಿಕೆಯ ಮೇಲೂ ಎರಡನೇ ವರ್ಷ ಶೇ 62 ಏರಬೇಕಿತ್ತು. ಹಾಗೆ ಏರುತ್ತಾ ಹೋದರೆ ಐದೇ ವರ್ಷಕ್ಕೆ ಆ ಸೈಟು 32 ಲಕ್ಷ ದಾಟಿರುತ್ತಿತ್ತು. ಅಷ್ಟಾಗಲು ಅದಕ್ಕೆ ಹದಿನೆಂಟು ವರ್ಷ ಹಿಡಿಯಿತು. ಬೆಲೆ ಚಕ್ರಬಡ್ಡಿಯಂತೆ ಬೆಳೆಯುವಾಗ ನಾವು ಸರಳಬಡ್ಡಿಯಂತೆ ಭಾಗಿಸಿದ್ದೇ ಇಲ್ಲಿನ ತಪ್ಪು.

ಸಿಎಜಿಆರ್ ಕೇಳುವ ಪ್ರಶ್ನೆ ಇಷ್ಟೇ: ಇಷ್ಟು ದುಡ್ಡನ್ನು ಚಕ್ರಬಡ್ಡಿಗೆ ಇಟ್ಟಿದ್ದರೆ, ವರ್ಷಕ್ಕೆ ಯಾವ ಒಂದೇ ದರ ಸಿಕ್ಕಿದ್ದರೆ ಕೊನೆಯ ದಿನ ಇಷ್ಟೇ ಮೊತ್ತ ಕೈಗೆ ಬರುತ್ತಿತ್ತು? ಸೂತ್ರ ಹೀಗಿದೆ:

```
ದರ = (ಕೊನೆಯ ಮೊತ್ತ ÷ ಮೊದಲ ಮೊತ್ತ)^(1 ÷ ವರ್ಷ) − 1
```

ಮೊದಲು ಎಷ್ಟು ಪಟ್ಟು ಆಯಿತು ಎಂದು ನೋಡುವುದು, ಆ ಪಟ್ಟಿಗೆ ಎಷ್ಟು ವರ್ಷವೋ ಅಷ್ಟನೇ ಮೂಲ ತೆಗೆಯುವುದು, ಅದರಲ್ಲಿ ಒಂದನ್ನು ಕಳೆಯುವುದು. ಹೀಗೆ ಓದಿದರೆ ಕಷ್ಟ ಎನಿಸಬಹುದು. ಕೈಯಾರೆ ಒಮ್ಮೆ ಮಾಡಿದರೆ ಹಗುರವಾಗುತ್ತದೆ.

## ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಒಂದು ನಿಜವಾದ ಲೆಕ್ಕ

ಅಭ್ಯಾಸಕ್ಕೆ ಗೊಂದಲವಿಲ್ಲದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಸರ್ಕಾರದ ಚಿನ್ನದ ಬಾಂಡ್, ಅಂದರೆ ಸಾವರಿನ್ ಗೋಲ್ಡ್ ಬಾಂಡಿನ ಮೊಟ್ಟಮೊದಲ ಕಂತು 2015ರ ನವೆಂಬರಿನಲ್ಲಿ ಗ್ರಾಂಗೆ 2,684 ರೂಪಾಯಿಯಂತೆ ಬಂತು. ಎಂಟು ವರ್ಷ ತುಂಬಿ 2023ರ ನವೆಂಬರಿನಲ್ಲಿ ಹಣ ವಾಪಸಾದಾಗ ಗ್ರಾಂಗೆ ಕೊಟ್ಟಿದ್ದು 6,132 ರೂಪಾಯಿ. ಮಜೂರಿ ಇಲ್ಲ, ವೇಸ್ಟೇಜ್ ಇಲ್ಲ, ಕ್ಯಾರೆಟ್ ತಕರಾರಿಲ್ಲ, ತಾರೀಕಿನಲ್ಲೂ ಅನುಮಾನವಿಲ್ಲ.

ಎಂಟು ವರ್ಷದ ಲೆಕ್ಕಕ್ಕೆ ಒಂದು ಅನುಕೂಲವಿದೆ. ಎಂಟನೇ ಮೂಲ ಎಂದರೆ ವರ್ಗಮೂಲದ ವರ್ಗಮೂಲದ ವರ್ಗಮೂಲ. ಕಿರಾಣಿ ಅಂಗಡಿಯ ಗಲ್ಲಾದ ಮೇಲಿರುವ ಸಾಮಾನ್ಯ ಕ್ಯಾಲ್ಕುಲೇಟರಿನಲ್ಲೂ √ ಗುಂಡಿ ಇರುತ್ತದೆ. 6132 ÷ 2684 ಒತ್ತಿದರೆ 2.2847 ಬರುತ್ತದೆ. ಈಗ √ ಒಮ್ಮೆ ಒತ್ತಿ: 1.5115. ಮತ್ತೊಮ್ಮೆ: 1.2294. ಮೂರನೇ ಬಾರಿ: 1.1088. ಒಂದು ಕಳೆದರೆ 0.1088, ಅಂದರೆ ವರ್ಷಕ್ಕೆ ಶೇ 10.88.

ಬಂದ ಉತ್ತರವನ್ನು ಅಲ್ಲಿಗೇ ನಂಬಬೇಡಿ, ತಿರುಗಿಸಿ ನೋಡಿ. 2,684ನ್ನು 1.1088ರಿಂದ ಎಂಟು ಸಲ ಗುಣಿಸುತ್ತಾ ಹೋದರೆ 6,132ರ ಆಸುಪಾಸಿಗೆ ಬಂದು ನಿಲ್ಲಬೇಕು. ನಿಂತರೆ ಲೆಕ್ಕ ಸರಿ. ನಾನು ಯಾವ ಸಿಎಜಿಆರ್ ತೆಗೆದರೂ ಈ ತಿರುಗು ಗುಣಾಕಾರ ಮಾಡದೆ ಯಾರಿಗೂ ಹೇಳುವುದಿಲ್ಲ.

ಎರಡು ವರ್ಷಕ್ಕೆ √ ಒಂದು ಸಲ, ನಾಲ್ಕು ವರ್ಷಕ್ಕೆ ಎರಡು ಸಲ, ಹದಿನಾರು ವರ್ಷಕ್ಕೆ ನಾಲ್ಕು ಸಲ. ಮಿಕ್ಕ ವರ್ಷಗಳಿಗೆ ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿ. ಹೆಚ್ಚಿನ ಫೋನುಗಳಲ್ಲಿ xʸ ಅಥವಾ ^ ಎನ್ನುವ ಗುಂಡಿ ಕಾಣಿಸುತ್ತದೆ. ಪಟ್ಟು ಎಷ್ಟೋ ಅದನ್ನು ಒತ್ತಿ, ಆ ಗುಂಡಿ ಒತ್ತಿ, ಆವರಣದೊಳಗೆ 1÷ವರ್ಷ ಒತ್ತಿದರಾಯಿತು.

ಇಲ್ಲಿ ವರ್ಷ ಎಣಿಸುವಾಗ ಒಂದು ಎಚ್ಚರ. 2015ರಿಂದ 2023 ಎಂದಾಗ ಬೆರಳು ಮಡಚಿ 2015, 16, 17 ಎಂದು ಎಣಿಸಿದರೆ ಒಂಬತ್ತು ಬರುತ್ತದೆ. ಅದು ಬೇಲಿಯ ಗೂಟಗಳ ಎಣಿಕೆ. ನಮಗೆ ಬೇಕಿರುವುದು ಗೂಟಗಳ ನಡುವಿನ ಅಂತರ, ಅಂದರೆ ಎಂಟು. ಚಿಕ್ಕ ಅವಧಿಯಲ್ಲಿ ಈ ಒಂದು ವರ್ಷದ ತಪ್ಪು ಉತ್ತರವನ್ನೇ ಹಾಳುಮಾಡುತ್ತದೆ.

## ಎಕ್ಸೆಲ್‌ನಲ್ಲಿ, ಮತ್ತು ಆವರಣ ಬಿಟ್ಟರೆ ಏನಾಗುತ್ತದೆ

B1ರಲ್ಲಿ ಮೊದಲ ಮೊತ್ತ, B2ರಲ್ಲಿ ಕೊನೆಯ ಮೊತ್ತ ಬರೆದು ಹೀಗೆ ಟೈಪ್ ಮಾಡಿ:

```
=(B2/B1)^(1/8)-1
```

ಎರಡೂ ಆವರಣಗಳು ಬೇಕೇ ಬೇಕು. ಬಿಟ್ಟು `=B2/B1^1/8-1` ಎಂದು ಬರೆದರೆ ಎಕ್ಸೆಲ್ ತಕರಾರು ಮಾಡುವುದಿಲ್ಲ, ಸುಮ್ಮನೆ ಬೇರೆ ಲೆಕ್ಕ ಮಾಡಿಕೊಡುತ್ತದೆ. ಬಾಂಡಿನ ಉದಾಹರಣೆಗೆ ಆಗ ಬರುವ ಉತ್ತರ −0.714, ಅಂದರೆ ವರ್ಷಕ್ಕೆ ಶೇ 71 ನಷ್ಟ. ಬೆಲೆ ಎರಡು ಪಟ್ಟಿಗಿಂತ ಹೆಚ್ಚಾದ ವಸ್ತುವಿಗೆ ನಷ್ಟ ಬರಲು ಸಾಧ್ಯವಿಲ್ಲವಲ್ಲ, ಹಾಗಾಗಿ ತಪ್ಪು ತಕ್ಷಣ ಗೊತ್ತಾಗುತ್ತದೆ. ಇಪ್ಪತ್ತು ಪಟ್ಟು ಆದ ಹಳೆಯ ಜಮೀನಿನ ಲೆಕ್ಕದಲ್ಲಿ ಇದೇ ತಪ್ಪು ಮಾಡಿದರೆ ಕೆಲವೊಮ್ಮೆ ನಂಬುವಂಥ ಸಂಖ್ಯೆಯೂ ಬಂದುಬಿಡುತ್ತದೆ. ಅದು ಹೆಚ್ಚು ಅಪಾಯ.

ಅವಧಿ ಪೂರ್ತಿ ವರ್ಷಗಳಲ್ಲಿ ಇಲ್ಲದಿದ್ದರೆ A1 ಮತ್ತು A2ರಲ್ಲಿ ತಾರೀಕು ಬರೆದು ದಿನಗಳನ್ನೇ ಎಣಿಸುವುದು ಒಳ್ಳೆಯದು:

```
=(B2/B1)^(365/(A2-A1))-1
```

ಭಾವನ ಸೈಟು 15-06-2006ರಿಂದ 15-12-2024ರವರೆಗೆ 6,758 ದಿನ ಅವರ ಹೆಸರಿನಲ್ಲಿತ್ತು. ಹನ್ನೆರಡೂವರೆ ಪಟ್ಟಿಗೆ ಈ ಸೂತ್ರ ಕೊಡುವುದು ಶೇ 14.6.

ಎಕ್ಸೆಲ್ ಕೈಗೆಟುಕದಿದ್ದಾಗ ಬಾಯಿಲೆಕ್ಕದಲ್ಲೇ ಇದನ್ನು ಪರೀಕ್ಷಿಸಬಹುದು. 2.88 ಲಕ್ಷ ಮೂರು ಸಲ ಇಮ್ಮಡಿಯಾದರೆ 23 ಲಕ್ಷ, ನಾಲ್ಕು ಸಲವಾದರೆ 46 ಲಕ್ಷ. 36 ಲಕ್ಷ ನಡುವೆ ಬರುವುದರಿಂದ ಮೂರೂವರೆ ಸಲಕ್ಕಿಂತ ಸ್ವಲ್ಪ ಹೆಚ್ಚು ಇಮ್ಮಡಿ ಎನ್ನೋಣ. ಹದಿನೆಂಟೂವರೆ ವರ್ಷವನ್ನು ಅದರಿಂದ ಭಾಗಿಸಿದರೆ ಒಂದೊಂದು ಇಮ್ಮಡಿಗೆ ಐದು ವರ್ಷ ಚಿಲ್ಲರೆ. 72ನ್ನು ಇಮ್ಮಡಿಯ ವರ್ಷಗಳಿಂದ ಭಾಗಿಸಿದರೆ ದರ ಹತ್ತಿರ ಹತ್ತಿರ ಸಿಗುತ್ತದೆ: ಶೇ 14ರ ಸುತ್ತಮುತ್ತ. ಸೂತ್ರದ ಉತ್ತರಕ್ಕೂ ಇದಕ್ಕೂ ಹೊಂದಿಕೆ ಇದೆ.

## ಯಾವುದು ಮೊದಲ ಮೊತ್ತ, ಯಾವುದು ಕೊನೆಯ ಮೊತ್ತ?

ಸೂತ್ರ ಇಷ್ಟೇ. ನಿಜವಾದ ಕೆಲಸ ಇರುವುದು ಅದರೊಳಗೆ ಹಾಕುವ ಎರಡು ಸಂಖ್ಯೆಗಳಲ್ಲಿ. ನನ್ನ ನಿಯಮ ಒಂದೇ: ಮೊದಲ ಮೊತ್ತ ಎಂದರೆ ಆ ದಿನ ಕೈಯಿಂದ ಹೋದ ಅಷ್ಟೂ ದುಡ್ಡು, ಕೊನೆಯ ಮೊತ್ತ ಎಂದರೆ ಕೈಗೆ ಬಂದ ದುಡ್ಡು. ಚದರಡಿ ದರ ಈ ಎರಡರಲ್ಲಿ ಯಾವುದೂ ಅಲ್ಲ.

ಅಕ್ಕನ ಬೀರುವಿನಲ್ಲಿ ಒಂದು ಹಳೆಯ ರೆಕ್ಸಿನ್ ಬ್ಯಾಗಿದೆ. ಕ್ರಯಪತ್ರ, ಖಾತಾ ಎಕ್ಸ್‌ಟ್ರ್ಯಾಕ್ಟ್, ಕಂದಾಯ ಕಟ್ಟಿದ ರಸೀದಿಗಳು, ಇಸಿ ಪ್ರತಿಗಳು, ಎಲ್ಲ ಅದರಲ್ಲೇ. ಅದನ್ನು ನೆಲದ ಮೇಲೆ ಹರಡಿಕೊಂಡು ಕೂತೆವು. 2006ರಲ್ಲಿ ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಶುಲ್ಕ, ಪತ್ರ ಬರಹಗಾರರ ಫೀ, ದಲ್ಲಾಳಿ ಕಮಿಷನ್ ಎಲ್ಲ ಸೇರಿ 32,000 ಖರ್ಚಾಗಿತ್ತು. ಹಾಗಾದರೆ ಮೊದಲ ಮೊತ್ತ 3,20,000. ಮಾರುವಾಗ ದಲ್ಲಾಳಿಗೆ ಶೇ 2ರಂತೆ 72,000 ಕೊಟ್ಟರು. ಕೈಗೆ ಬಂದದ್ದು 35,28,000. ಈಗ ಪಟ್ಟು ಹನ್ನೆರಡೂವರೆ ಅಲ್ಲ, ಹನ್ನೊಂದು. ದರ ಶೇ 13.8ಕ್ಕೆ ಇಳಿಯಿತು.

ಕ್ರಯಪತ್ರ ನೋಡಿ ಲೆಕ್ಕ ಮಾಡುವವರಿಗೆ ಇನ್ನೊಂದು ಮಾತು. ಹಳೆಯ ಪತ್ರಗಳಲ್ಲಿ ಬರೆದ ಮೊತ್ತ ಸರ್ಕಾರದ ಮಾರ್ಗಸೂಚಿ ದರದಷ್ಟೇ ಇದ್ದು, ನಿಜವಾಗಿ ಕೊಟ್ಟದ್ದು ಹೆಚ್ಚಿರುವುದು ಉಂಟು. ಇದೇ ಅಳತೆಯ ಸೈಟಿಗೆ ಪತ್ರದಲ್ಲಿ 1,60,000 ಎಂದು ಬರೆದಿದ್ದರೆ, ಅದನ್ನು ಮೊದಲ ಮೊತ್ತ ಎಂದು ಹಿಡಿದವರಿಗೆ ಶೇ 18.3 ಬರುತ್ತದೆ. 2,88,000 ಹಿಡಿದವರಿಗೆ 14.6. ಸೈಟು ಅದೇ, ಮಾರಿದ ಬೆಲೆ ಅದೇ, ದರದಲ್ಲಿ ಮಾತ್ರ ಸುಮಾರು ನಾಲ್ಕು ಶೇಕಡಾ ವ್ಯತ್ಯಾಸ. ಹಾಗೆಯೇ ಇನ್ನೂ ಮಾರದ ಸೈಟಿಗೆ "ಪಕ್ಕದವರು ಮೂರೂವರೆ ಸಾವಿರ ಹೇಳ್ತಿದಾರೆ" ಎನ್ನುವುದು ಕೊನೆಯ ಮೊತ್ತವಾಗುವುದಿಲ್ಲ. ಹೇಳುವ ಬೆಲೆಗೂ ಹೋಗುವ ಬೆಲೆಗೂ ನಡುವೆ ಚೌಕಾಸಿ ಇದೆ. ಅದೇ ಬಡಾವಣೆಯಲ್ಲಿ ಈಚೆಗೆ ನಿಜವಾಗಿ ನೋಂದಣಿಯಾದ ಕ್ರಯವನ್ನು ಹಿಡಿಯಿರಿ.

ಅಳತೆಯೂ ಎರಡು ಕಡೆ ಒಂದೇ ಇರಬೇಕು. ಎಕರೆ ಲೆಕ್ಕದಲ್ಲಿ ಕೊಂಡ ಜಮೀನನ್ನು ಗುಂಟೆ ಲೆಕ್ಕದಲ್ಲಿ ಮಾರಿದರೆ, 40 ಗುಂಟೆಗೆ ಒಂದು ಎಕರೆ ಎಂದು ಮೊದಲು ಸರಿಮಾಡಿಕೊಳ್ಳಿ. ಒಂದು ಗುಂಟೆಗೆ 1,089 ಚದರಡಿ. ಚಿನ್ನದಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಪವನು ಎಂದರೆ 8 ಗ್ರಾಂ. ಹಳೆಯ ತೊಲ 11.66 ಗ್ರಾಂ, ಈಗ ಅನೇಕರು ತೊಲ ಎನ್ನುವುದು 10 ಗ್ರಾಂಗೆ. ಜೊತೆಗೆ 22 ಕ್ಯಾರೆಟ್ಟಿನ ಹಳೆಯ ಬಿಲ್ಲನ್ನು ಪತ್ರಿಕೆಯ 24 ಕ್ಯಾರೆಟ್ ದರದ ಪಕ್ಕ ಇಟ್ಟರೆ, ಏನೂ ಏರದಿದ್ದರೂ ಶೇ 9 ಏರಿದಂತೆ ಕಾಣುತ್ತದೆ.

## ನಡುವೆ ಹಾಕಿದ ದುಡ್ಡು

ರೆಕ್ಸಿನ್ ಬ್ಯಾಗಿನ ತಳದಲ್ಲಿ ಇನ್ನೆರಡು ರಸೀದಿ ಸಿಕ್ಕವು. 2012ರ ಜೂನಿನಲ್ಲಿ ಖಾತಾ ಮಾಡಿಸುವಾಗ ಕಟ್ಟಿದ ಅಭಿವೃದ್ಧಿ ಶುಲ್ಕದ್ದು ಒಂದು, ಅದೇ ಸಮಯದಲ್ಲಿ ಹಾಕಿಸಿದ ಕಾಂಪೌಂಡಿನದು ಇನ್ನೊಂದು. ಎರಡೂ ಸೇರಿ 1,80,000. ಭಾವ ಅದನ್ನು ಮರೆತೇಬಿಟ್ಟಿದ್ದರು. "ಅದೇನು ಸೈಟಿನ ಬೆಲೆ ಅಲ್ವಲ್ಲ" ಎಂದರು. ಆದರೆ ಕೈಯಿಂದ ಹೋದ ದುಡ್ಡು ತಾನೆ. ಕಾಂಪೌಂಡೂ ಖಾತೆಯೂ ಇಲ್ಲದಿದ್ದರೆ ಕೊಂಡವರು ಮೂರು ಸಾವಿರ ಕೊಡುತ್ತಿರಲಿಲ್ಲ.

ಸಿಎಜಿಆರ್‌ನ ಮಿತಿ ಗೊತ್ತಾಗುವುದು ಇಲ್ಲಿ. ಅದಕ್ಕೆ ತಿಳಿಯುವುದು ಎರಡೇ ಮೊತ್ತ, ಎರಡೇ ತಾರೀಕು. ಈ 1,80,000ವನ್ನು ಬಿಟ್ಟರೆ ಶೇ 13.8 ಎನ್ನುತ್ತದೆ, ಅದು ಹೆಚ್ಚಾಯಿತು. ಮೊದಲ ಮೊತ್ತಕ್ಕೇ ಕೂಡಿಸಿ 5,00,000 ಎಂದು ಹಿಡಿದರೆ ಶೇ 11.1 ಎನ್ನುತ್ತದೆ, ಅದು ಕಡಿಮೆಯಾಯಿತು. ಯಾಕೆಂದರೆ ಆ ದುಡ್ಡು ಮೊದಲ ಆರು ವರ್ಷ ಸೈಟಿನಲ್ಲಿ ಇರಲೇ ಇಲ್ಲ, ಭಾವನ ಬಳಿಯೇ ಇತ್ತು.

ಇಂಥ ಕಡೆ ಬೇಕಾಗುವುದು XIRR, ಅಂದರೆ ಒಂದೊಂದು ಮೊತ್ತವನ್ನೂ ಅದರದರ ತಾರೀಕಿನಿಂದ ಎಣಿಸಿ ವರ್ಷದ ಒಂದೇ ದರ ಕೊಡುವ ಎಕ್ಸೆಲ್ ಸೂತ್ರ. ಎಕ್ಸೆಲ್‌ನ ಒಂದು ಕಾಲಂನಲ್ಲಿ ತಾರೀಕು, ಪಕ್ಕದಲ್ಲಿ ಮೊತ್ತ. ಕೈಯಿಂದ ಹೋದದ್ದಕ್ಕೆ ಮೈನಸ್ ಗುರುತು, ಬಂದದ್ದಕ್ಕೆ ಯಾವ ಗುರುತೂ ಬೇಡ.

```
15-06-2006    -320000
15-06-2012    -180000
15-12-2024    3528000

=XIRR(B1:B3,A1:A3)
```

ಉತ್ತರ ಶೇ 12.3. ಮೈನಸ್ ಹಾಕಲು ಮರೆತರೆ #NUM! ಎಂದು ಬರುತ್ತದೆ. ತಾರೀಕು ಎಕ್ಸೆಲ್‌ಗೆ ತಾರೀಕಾಗಿ ಅರ್ಥವಾಗದಿದ್ದರೆ #VALUE! ಬರಬಹುದು. ಆಗ ಆ ಸಾಲಿನ ತಾರೀಕನ್ನು ಅಳಿಸಿ ಮತ್ತೆ ಟೈಪ್ ಮಾಡಿ. ವರ್ಷವರ್ಷದ ಕಂದಾಯವನ್ನೂ ಒಂದೊಂದು ಸಾಲಾಗಿ ಸೇರಿಸಬಹುದು. ವರ್ಷಕ್ಕೆ ಸರಾಸರಿ 1,200 ರೂಪಾಯಿ ಎಂದು ಹಿಡಿದರೆ ಈ ದರ ಒಂದು ಶೇಕಡಾದ ಹತ್ತನೇ ಒಂದು ಭಾಗದಷ್ಟು ಮಾತ್ರ ಇಳಿಯುತ್ತದೆ. ಆ ಹದಿನೆಂಟು ರಸೀದಿ ಹುಡುಕುವ ಶ್ರಮ ಭಾವನಿಗೆ ಬೇಡ ಎಂದೆ.

ಇದೇ ವಿಚಾರ ಚಿನ್ನದ ಬಾಂಡಿಗೂ ಅನ್ವಯಿಸುತ್ತದೆ. ಅದರ ಮೇಲೆ ವರ್ಷಕ್ಕೆ ಶೇ 2.75 ಬಡ್ಡಿ, ಆರು ತಿಂಗಳಿಗೊಮ್ಮೆ ಖಾತೆಗೆ ಬರುತ್ತಿತ್ತು. 10.88ಕ್ಕೆ 2.75 ಕೂಡಿಸಿ 13.63 ಎನ್ನುವವರಿದ್ದಾರೆ. ಆ ಬಡ್ಡಿ ಸಿಗುವುದು ಮೊದಲು ಕೊಟ್ಟ 2,684ರ ಮೇಲೆ ಮಾತ್ರ, ಏರಿದ ಬೆಲೆಯ ಮೇಲಲ್ಲ. ಪ್ರತಿ ಕಂತನ್ನೂ ಸಾಲಿಗೆ ಬರೆದು XIRR ತೆಗೆದರೆ ಶೇ 12.9ರ ಆಸುಪಾಸು ಬರುತ್ತದೆ.

## ಎಲ್ಲಿಂದ ಎಣಿಸಿದಿರಿ?

ಈಗ ಅಕ್ಕನ ಪ್ರಶ್ನೆಗೆ ಬರಬೇಕು, ಅದಕ್ಕೆ ಮುಂಚೆ ಚಿನ್ನದ ಸ್ವಭಾವ ಸ್ವಲ್ಪ ನೋಡಬೇಕು. ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗುವ ಪಟ್ಟಿಯ ಪ್ರಕಾರ 10 ಗ್ರಾಂ ಅಪರಂಜಿ ಚಿನ್ನಕ್ಕೆ 2012ರಲ್ಲಿ ಸುಮಾರು 31,000 ರೂಪಾಯಿ, 2015ರಲ್ಲಿ ಸುಮಾರು 26,300, 2020ರಲ್ಲಿ ಸುಮಾರು 48,600.

2015ರಿಂದ 2020ಕ್ಕೆ ಲೆಕ್ಕ ಹಾಕಿ: ವರ್ಷಕ್ಕೆ ಶೇ 13. 2012ರಿಂದ ಅದೇ 2020ಕ್ಕೆ ಹಾಕಿ: ಶೇ 5.8. ಕೊನೆಯ ಬೆಲೆ ಎರಡರಲ್ಲೂ ಒಂದೇ, ಲೆಕ್ಕದಲ್ಲೂ ತಪ್ಪಿಲ್ಲ. ಒಬ್ಬರು ಬೆಲೆ ಬಿದ್ದಾಗ ಎಣಿಕೆ ಶುರುಮಾಡಿದರು, ಇನ್ನೊಬ್ಬರು ಏರಿ ನಿಂತಾಗ. ನಡುವಿನ ಮೂರು ವರ್ಷವನ್ನಷ್ಟೇ ತೆಗೆದುಕೊಂಡರೆ ವರ್ಷಕ್ಕೆ ಶೇ 5.3 ಇಳಿಕೆ. ಚಿನ್ನ ಮಾರುವವರು ಯಾವ ಎರಡನ್ನು ಆರಿಸಿ ಫಲಕ ಬರೆಸುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ಯಾರಾದರೂ ಒಂದು ದರ ಹೇಳಿದರೆ ಮೊದಲು ಕೇಳಬೇಕಾದ್ದು "ಯಾವ ವರ್ಷದಿಂದ?" ಎಂದು. ನೀವೇ ಲೆಕ್ಕ ಮಾಡುವಾಗ ಶುರುವಿನ ವರ್ಷವನ್ನು ಎರಡು ವರ್ಷ ಹಿಂದಕ್ಕೊಮ್ಮೆ, ಎರಡು ವರ್ಷ ಮುಂದಕ್ಕೊಮ್ಮೆ ಸರಿಸಿ ನೋಡಿ. ಉತ್ತರ ಹೆಚ್ಚು ಅಲುಗಾಡಿದರೆ ಆ ದರ ವಸ್ತುವಿನ ಗುಣಕ್ಕಿಂತ ನೀವು ಆರಿಸಿದ ದಿನವನ್ನೇ ಹೆಚ್ಚು ಹೇಳುತ್ತಿದೆ.

ಸೈಟಿನಲ್ಲಿ ಈ ಏರಿಳಿತ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಅದಕ್ಕೆ ದಿನದಿನದ ಬೆಲೆಯೇ ಇಲ್ಲ. ಏರಿಳಿತ ಇಲ್ಲವೆಂದು ಇದರ ಅರ್ಥವಲ್ಲ. ಭಾವ 2019ರಲ್ಲೊಮ್ಮೆ ಮಾರಲು ಹೊರಟು, ಒಂದು ವರ್ಷ ಕಾದು, ಸರಿಯಾದ ಗಿರಾಕಿ ಬಾರದೆ ಕೈಬಿಟ್ಟಿದ್ದರು. ಅವತ್ತಿನ ದರ ಯಾವ ಕಾಗದದಲ್ಲೂ ಇಲ್ಲ.

## ಅಕ್ಕನ ಪ್ರಶ್ನೆಗೆ ಉತ್ತರ

2006ರ ಜೂನಿನಲ್ಲಿ 10 ಗ್ರಾಂ ಚಿನ್ನಕ್ಕೆ ಸುಮಾರು 9,000 ರೂಪಾಯಿ ಇತ್ತು. 2024ರ ಡಿಸೆಂಬರಿನಲ್ಲಿ ಸುಮಾರು 76,500. ಎಂಟೂವರೆ ಪಟ್ಟು, ಅದೇ 6,758 ದಿನ. ದರ ಶೇ 12.3. ಸೈಟಿಗೂ 12.3, ಚಿನ್ನಕ್ಕೂ 12.3! ಭಾವನ ಮುಖ ಸ್ವಲ್ಪ ಸಪ್ಪಗಾಯಿತು. "ಅಷ್ಟು ಓಡಾಡಿದ್ದು ಎಲ್ಲ ದಂಡವಾ?" ಎಂದರು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಸೈಟಿನ 12.3 XIRRನಿಂದ ಬಂದದ್ದು, ಚಿನ್ನದ 12.3 ಎರಡೇ ದಿನದ ಬೆಲೆಯಿಂದ ಬಂದದ್ದು. ಸೈಟಿಗೆ ದುಡ್ಡು ಹೋದದ್ದು ಎರಡು ಕಂತಿನಲ್ಲಿ. ಹೋಲಿಕೆ ನ್ಯಾಯವಾಗಿರಬೇಕಾದರೆ ಅದೇ ದಿನ, ಅಷ್ಟೇ ದುಡ್ಡಿಗೆ ಚಿನ್ನ ಕೊಂಡಂತೆ ಲೆಕ್ಕ ಹಾಕಬೇಕು. ಎರಡು ದರಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು ಹೆಚ್ಚಾಗಿ ತಪ್ಪುವುದು ಇಲ್ಲೇ.

ಹಾಗಾಗಿ ಗ್ರಾಂಗಳಲ್ಲಿ ಲೆಕ್ಕ ಮಾಡಿದೆವು. 2006ರಲ್ಲಿ 3,20,000ಕ್ಕೆ, ಗ್ರಾಂಗೆ 900 ರೂಪಾಯಿಯಂತೆ, 355.6 ಗ್ರಾಂ. 2012ರ ಜೂನಿನಲ್ಲಿ ಚಿನ್ನ ಏರಿ ನಿಂತಿತ್ತು, ಗ್ರಾಂಗೆ ಸುಮಾರು 3,000. ಹಾಗಾಗಿ ಆ 1,80,000ಕ್ಕೆ ಸಿಗುತ್ತಿದ್ದದ್ದು ಬರೀ 60 ಗ್ರಾಂ. ಒಟ್ಟು 415.6 ಗ್ರಾಂ. 2024ರ ಡಿಸೆಂಬರಿನ 7,650ರ ದರಕ್ಕೆ ಮಾರಿದರೆ 31,79,000. XIRR ಶೇ 11.7.

ಅಂದರೆ ಅದೇ ದುಡ್ಡು ಚಿನ್ನವಾಗಿದ್ದರೆ 31 ಲಕ್ಷ 79 ಸಾವಿರ, ಸೈಟಾಗಿ ಬಂದದ್ದು 35 ಲಕ್ಷ 28 ಸಾವಿರ. ಸೈಟು ಮೇಲುಗೈ, ಮೂರೂವರೆ ಲಕ್ಷದಷ್ಟು. ವರ್ಷದ ದರದಲ್ಲಿ ನೋಡಿದರೆ ಅರ್ಧ ಶೇಕಡಾ ಚಿಲ್ಲರೆ ವ್ಯತ್ಯಾಸ. ಹದಿನೆಂಟು ವರ್ಷ ಚಕ್ರಬಡ್ಡಿಯಲ್ಲಿ ಬೆಳೆದಾಗ ಅರ್ಧ ಶೇಕಡಾ ಎಷ್ಟು ದೊಡ್ಡದಾಗುತ್ತದೆ ಎಂದು ಇದರಿಂದ ಅಂದಾಜಾಗುತ್ತದೆ.

ತೆರಿಗೆಯನ್ನೂ ಕೊನೆಯ ಮೊತ್ತದಿಂದ ಕಳೆದೇ ದರ ತೆಗೆಯಬೇಕು, ದರ ತೆಗೆದ ಮೇಲೆ ಅದರಿಂದ ಕಳೆಯಬಾರದು. 2024ರ ಜುಲೈ 23ರಿಂದ ಈಚೆಗೆ ಮಾರಿದ್ದಕ್ಕೆ, ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡಿದ್ದರೆ, ಸೈಟಿಗೂ ಚಿನ್ನಕ್ಕೂ ಲಾಭದ ಮೇಲೆ ಶೇ 12.5 ತೆರಿಗೆ. ಆ ದಿನಕ್ಕಿಂತ ಮುಂಚೆ ಕೊಂಡ ಜಮೀನು ಅಥವಾ ಮನೆಗೆ ಮಾತ್ರ, ಭಾರತದಲ್ಲೇ ವಾಸವಿರುವ ವ್ಯಕ್ತಿಗಳು ಹಣದುಬ್ಬರದ ಸೂಚ್ಯಂಕ ಬಳಸಿ ಶೇ 20ರ ಹಳೆಯ ದಾರಿಯಲ್ಲೂ ತೆರಿಗೆ ಲೆಕ್ಕ ಹಾಕಬಹುದು. ಯಾವುದು ಕಡಿಮೆಯೋ ಅದು. ಭಾವನಿಗೆ ಶೇ 12.5ರ ದಾರಿಯೇ ಕಡಿಮೆ ಬಿತ್ತು, ಸೆಸ್ ಸೇರಿ 3,94,000ದ ಹತ್ತಿರ. ಅದನ್ನು ಕಳೆದು XIRR ತೆಗೆದರೆ ಶೇ 11.6.

"ಆದ್ರೆ ನಾನು ಗಟ್ಟಿ ಚಿನ್ನ ತಗೋತಿದ್ನಾ?" ಎಂದಳು ಅಕ್ಕ. "ಸರ, ಬಳೆ ಅಂತಾನೇ ತಗೋತಿದ್ದೆ."

ಹಾಗಾದರೆ ಕೊನೆಯದಾಗಿ ಆ ಲೆಕ್ಕವೂ ಆಗಲಿ. ಮಜೂರಿ, ವೇಸ್ಟೇಜ್ ಮತ್ತು ತೆರಿಗೆ ಸೇರಿ ಚಿನ್ನದ ಬೆಲೆಯ ಮೇಲೆ ಶೇ 13 ಹೆಚ್ಚು ಕೊಟ್ಟಳು ಎಂದು ಹಿಡಿಯೋಣ. ಆಗ ಅದೇ ದುಡ್ಡಿಗೆ 415 ಗ್ರಾಂ ಬದಲು 368 ಗ್ರಾಂ ಚಿನ್ನದಷ್ಟು ಒಡವೆ ಬರುತ್ತದೆ. ಮಾರುವಾಗ ಕರಗಿಸಿ ನೋಡುವ ಅಂಗಡಿಯವರು ಶೇ 3 ಕಳೆದರು ಎನ್ನೋಣ. ಲಾಭದ ಮೇಲಿನ ತೆರಿಗೆ ಕಳೆಯುವ ಮುಂಚೆ ಕೈಗೆ ಬರುವುದು 27 ಲಕ್ಷ 29 ಸಾವಿರ, ದರ ಶೇ 10.7. ಗಟ್ಟಿ ಚಿನ್ನಕ್ಕಿಂತ ನಾಲ್ಕೂವರೆ ಲಕ್ಷ ಕಡಿಮೆ, ಸೈಟಿಗಿಂತ ಎಂಟು ಲಕ್ಷ ಕಡಿಮೆ.

ಹದಿನೆಂಟು ವರ್ಷ ಇಟ್ಟುಕೊಂಡರೆ ಮಜೂರಿಯ ಹೊರೆ ವರ್ಷಕ್ಕೆ ಒಂದು ಶೇಕಡಾದಷ್ಟಕ್ಕೆ ಹರಡಿಹೋಗುತ್ತದೆ. ಎರಡೇ ವರ್ಷಕ್ಕೆ ಮಾರಿದರೆ ಹಾಗಲ್ಲ: ಚಿನ್ನದ ದರ ವರ್ಷಕ್ಕೆ ಶೇ 11ರಂತೆ ಏರಿದ್ದರೂ ಒಡವೆಯಲ್ಲಿ ನಿಮಗೆ ಸಿಗುವುದು ಶೇ 3ಕ್ಕೂ ಕಡಿಮೆ. ಅಕ್ಕ ಈ ಕೊನೆಯ ಸಾಲನ್ನು ಹಾಳೆಯ ಮೂಲೆಯಲ್ಲಿ ಬರೆದುಕೊಂಡು, ಹಾಳೆಯನ್ನು ಮಡಚಿ ರೆಕ್ಸಿನ್ ಬ್ಯಾಗಿಗೆ ಹಾಕಿದಳು. ಮುಂದಿನ ವರ್ಷ ಮಗಳ ಮದುವೆಗೆಂದು ಒಡವೆ ಮಾಡಿಸುವುದಿದೆ. ಉಡಲು ತೊಡಲು ಎಷ್ಟು, ಇಡಲು ಎಷ್ಟು ಎಂದು ಬೇರೆ ಬೇರೆ ತೆಗೆದಿಟ್ಟು, ಇಡುವ ಭಾಗಕ್ಕೆ ನಾಣ್ಯ ಕೊಳ್ಳುತ್ತಾಳಂತೆ.